ಟೈರಿನ ಪಕ್ಕೆಯಲ್ಲಿ ಬರೆದಿರುವುದೇನು? 165/80 R14 85T ಓದುವ ಬಗೆ

ಕಾರಿನ ಟೈರ್ ಸವೆದಿದೆ, ಹೊಸದು ಹಾಕಿಸಬೇಕು. ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ‘ಸೈಜ್ ಎಷ್ಟು?’ ಎಂಬುದು. ಉತ್ತರ ಗೊತ್ತಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಅಂಗಡಿಯ ಹುಡುಗ ಬಗ್ಗಿ ನೋಡಿ ತಾನೇ ಹೇಳುತ್ತಾನೆ. ತೊಡಕು ಶುರುವಾಗುವುದು ಅದರ ಮುಂದಿನ ಮಾತಿನಲ್ಲಿ. ‘ಈ ಸೈಜ್ ಸ್ಟಾಕ್ ಇಲ್ಲ ಸಾರ್, ಇದನ್ನು ಹಾಕಿದರೂ ಕೂರುತ್ತೆ’ ಎಂದೋ, ‘ಅಲಾಯ್ ವೀಲ್ ಹಾಕಿ, ಇನ್ನೂ ಅಗಲದ ಟೈರ್ ಬರುತ್ತೆ’ ಎಂದೋ ಸಲಹೆ ಬರುತ್ತದೆ. ಆ ಸಲಹೆ ಸರಿಯೋ ತಪ್ಪೋ ಎಂದು ಅಲ್ಲೇ ನಿಂತು ತೂಗಿ ನೋಡಲು ಬೇಕಾದ ಲೆಕ್ಕವೆಲ್ಲ ಟೈರಿನ ಪಕ್ಕೆಯ ಮೇಲೇ ಅಚ್ಚಾಗಿದೆ.

ಉದಾಹರಣೆಗೆ ಮಾರುತಿ ಸ್ವಿಫ್ಟ್ ತೆಗೆದುಕೊಳ್ಳೋಣ. ಅದರ ಕೆಳಗಿನ ಮಾದರಿಗಳಿಗೆ ಬರುವ ಟೈರ್ 165/80 R14. ಆ ಅಳತೆಯ ಟೈರಿನ ಪಕ್ಕೆಯಲ್ಲಿ ಸಾಮಾನ್ಯವಾಗಿ ಕಾಣುವ ಪೂರ್ತಿ ಬರಹ ಹೀಗಿರುತ್ತದೆ: 165/80 R14 85T. ಇದರಲ್ಲಿ ಮೊದಲ ಮೂರು ಸಂಖ್ಯೆಗಳು ಅಳತೆ ಹೇಳುತ್ತವೆ. 85 ಎಂಬುದು ಟೈರ್ ಹೊರಬಲ್ಲ ಭಾರ, T ಎಂಬುದು ಅದು ತಾಳಬಲ್ಲ ವೇಗ.

## ಅಳತೆ: ಒಂದೇ ಸಾಲಿನಲ್ಲಿ ಮೂರು ಬಗೆಯ ಮಾಪನ

165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ನೆಲಕ್ಕೆ ತಾಗುವ ಭಾಗದ ಅಗಲವಲ್ಲ ಇದು. ರಿಮ್‌ಗೆ ಹಾಕಿ ಗಾಳಿ ತುಂಬಿದ ಟೈರಿನ ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಗೆ ಇರುವ ಅಂತರ. ಟೇಪ್ ಹಿಡಿದು ಸವೆಯುವ ಮೈಯನ್ನು ಅಳೆದು, ‘165 ಬರಲಿಲ್ಲ, ಮೋಸ’ ಎಂದುಕೊಳ್ಳಬೇಕಿಲ್ಲ. ಅದು ಕಡಿಮೆಯೇ ಬರುತ್ತದೆ.

80 ಮಿಲಿಮೀಟರ್ ಅಲ್ಲ, ಶೇಕಡಾ. ರಿಮ್‌ನ ಅಂಚಿನಿಂದ ನೆಲದವರೆಗೆ ಟೈರಿನ ಎತ್ತರ ಎಷ್ಟು ಎಂಬುದನ್ನು ಅಗಲದ ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. 165ರಲ್ಲಿ ಶೇ. 80 ಅಂದರೆ 132 ಮಿ.ಮೀ. ಬಹಳ ಜನ ಎಡವುವುದು ಇಲ್ಲಿಯೇ. 165/80 ಮತ್ತು 185/80 ಎರಡರಲ್ಲೂ ‘80’ ಇದೆ ಎಂದು ಎತ್ತರವೂ ಒಂದೇ ಆಗಿರುವುದಿಲ್ಲ. 185ರಲ್ಲಿ ಶೇ. 80 ಎಂದರೆ 148 ಮಿ.ಮೀ. ಅಗಲ ಬದಲಾದರೆ ಎತ್ತರವೂ ಅದರ ಜೊತೆಗೆ ಬದಲಾಗುತ್ತದೆ.

R ಎಂದರೆ ರಿಮ್ ಎಂದೋ ರೇಡಿಯಸ್ ಎಂದೋ ತಿಳಿದವರೇ ಹೆಚ್ಚು. ಅದು ರೇಡಿಯಲ್ ಎಂಬುದರ ಗುರುತು. ಟೈರಿನ ಒಳಗಿನ ದಾರಗಳು ಒಂದು ರಿಮ್ ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹಾದಿರುತ್ತವೆ, ಅವುಗಳ ಮೇಲೆ ಸವೆಯುವ ಭಾಗದ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಸುತ್ತಿರುತ್ತದೆ ಎಂದರ್ಥ. R ಜಾಗದಲ್ಲಿ ಬರೀ ಅಡ್ಡಗೆರೆ ಇದ್ದರೆ ದಾರಗಳು ಓರೆಯಾಗಿ ಒಂದರ ಮೇಲೊಂದು ಹಾದಿರುವ ಹಳೆಯ ಬಗೆಯ ಟೈರು. ಅನೇಕ ಸ್ಕೂಟರುಗಳಲ್ಲಿ ಈಗಲೂ ಇದೇ ಇದೆ.

14 ಎಂಬುದು ರಿಮ್‌ನ ವ್ಯಾಸ, ಇಂಚಿನಲ್ಲಿ. ಇದೊಂದರಲ್ಲಿ ಹೆಚ್ಚುಕಮ್ಮಿಗೆ ಜಾಗವಿಲ್ಲ. 14 ಇಂಚಿನ ರಿಮ್‌ಗೆ 15 ಇಂಚಿನ ಟೈರ್ ಕೂರುವುದೇ ಇಲ್ಲ.

ಹೀಗೆ ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ಕಲಸಿವೆ. ಇದರಿಂದ ಚಕ್ರದ ಒಟ್ಟು ಎತ್ತರ ತೆಗೆಯುವುದು ಮಾತ್ರ ಸುಲಭ. ಟೈರಿನ ಎತ್ತರ ಮೇಲೊಂದು, ಕೆಳಗೊಂದು, ನಡುವೆ ರಿಮ್. ಒಂದು ಇಂಚಿಗೆ 25.4 ಮಿ.ಮೀ.

```
165/80 R14
165 × 0.80 = 132 mm
132 × 2 = 264 mm
14 × 25.4 = 355.6 mm
264 + 355.6 = 619.6 mm
```

ಈ 619.6 ನೆನಪಿಡಿ. ಮುಂದಿನ ಹೋಲಿಕೆಗೆಲ್ಲ ಇದೇ ಅಳತೆಗೋಲು.

## 85: ಇದು ಕೆ.ಜಿ. ಅಲ್ಲ

85 ಎಂಬುದು ಭಾರದ ಸಂಕೇತ ಸಂಖ್ಯೆ. ಅಂತರರಾಷ್ಟ್ರೀಯವಾಗಿ ಒಪ್ಪಿದ ಒಂದು ಪಟ್ಟಿಯಿದೆ, ಅದರಲ್ಲಿ ಪ್ರತಿ ಸಂಖ್ಯೆಗೂ ಇಷ್ಟು ಕೆ.ಜಿ. ಎಂದು ಗೊತ್ತುಮಾಡಿದ್ದಾರೆ. ಸಣ್ಣ ಕಾರುಗಳಿಗೆ ಬೇಕಾಗುವ ಭಾಗ ಇಷ್ಟು: 82 ಅಂದರೆ 475 ಕೆ.ಜಿ., 84 ಅಂದರೆ 500, 85 ಅಂದರೆ 515, 86 ಅಂದರೆ 530, 88 ಅಂದರೆ 560, 91 ಅಂದರೆ 615. ಒಂದೊಂದು ಟೈರ್ ಹೊರಬಲ್ಲ ಗರಿಷ್ಠ ಭಾರ ಇದು.

ಹಾಗಾದರೆ ನಾಲ್ಕು ಟೈರ್ ಸೇರಿ 515 × 4 = 2,060 ಕೆ.ಜಿ. ಖಾಲಿ ಕಾರಿನ ತೂಕ 900 ಕೆ.ಜಿ. ಆಸುಪಾಸು. ಐದು ಜನ, ಡಿಕ್ಕಿಯಲ್ಲಿ 80 ಕೆ.ಜಿ. ಲಗೇಜು ಎಂದಿಟ್ಟುಕೊಂಡರೂ ಒಟ್ಟು 1,300 ಕೆ.ಜಿ. ದಾಟುವುದು ಅಷ್ಟಕ್ಕಷ್ಟೆ. 700 ಕೆ.ಜಿ.ಗೂ ಹೆಚ್ಚು ಮಿಗುತ್ತದಲ್ಲ, ಮತ್ತೇಕೆ ಈ ಸಂಖ್ಯೆಯ ಚಿಂತೆ ಎಂದು ಯಾರಿಗಾದರೂ ಅನ್ನಿಸೀತು. ಆ ಮಿಗುತಾಯ ಬಹುಪಾಲು ಕಾಗದದ ಮೇಲಿನದು.

ಕಾರಣ ಗಾಳಿ. ಭಾರ ಹೊರುವುದು ರಬ್ಬರಲ್ಲ, ಒಳಗೆ ಬಿಗಿದಿಟ್ಟ ಗಾಳಿ. ಪಟ್ಟಿಯಲ್ಲಿರುವ 515 ಕೆ.ಜಿ. ಸಿಗುವುದು ಟೈರಿನಲ್ಲಿ ಸುಮಾರು 36 ಪಿಎಸ್‌ಐ ಗಾಳಿ ಇದ್ದಾಗ. ಸಣ್ಣ ಕಾರಿಗೆ ಕಂಪನಿ ಸೂಚಿಸುವುದು ಸಾಮಾನ್ಯವಾಗಿ 30ರ ಆಸುಪಾಸು. ಆಗ ಅದೇ ಟೈರ್ ಹೊರಬಲ್ಲದ್ದು ಸುಮಾರು 440 ಕೆ.ಜಿ. ತಿಂಗಳುಗಟ್ಟಲೆ ಗಾಳಿ ನೋಡದೆ 22ಕ್ಕೆ ಇಳಿದಿದ್ದರೆ ಸುಮಾರು 345 ಕೆ.ಜಿ.

ಇನ್ನೊಂದು ಕಡೆ, ಭಾರ ನಾಲ್ಕು ಚಕ್ರಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿ ತುಂಬ ಲಗೇಜು ಇದ್ದರೆ ಮೇಲೆ ಹೇಳಿದ ಕಾರಿನ ಹಿಂದಿನ ಒಂದೊಂದು ಟೈರಿನ ಮೇಲೆ ಅಂದಾಜು 320 ಕೆ.ಜಿ. ಬೀಳುತ್ತದೆ. 30 ಪಿಎಸ್‌ಐ ಇದ್ದರೆ ತೊಂದರೆಯಿಲ್ಲ. 22 ಇದ್ದರೆ ಟೈರ್ ನಿಂತಲ್ಲೇ ತನ್ನ ಮಿತಿಯ ಅಂಚಿಗೆ ಬಂದಿದೆ. ಆಮೇಲೆ ಚಾರ್ಮಾಡಿಯ ತಿರುವಿನಲ್ಲಿ ಹೊರಬದಿಯ ಟೈರಿಗೆ ಬೀಳುವ ಭಾರ, ಗುಂಡಿಗೆ ಇಳಿದಾಗಿನ ಏಟು ಇವೆಲ್ಲ ಅದರ ಮೇಲಿನ ಲೆಕ್ಕ.

ಮಿತಿ ಮೀರಿದರೆ ಟೈರ್ ಆ ಕ್ಷಣವೇ ಒಡೆಯುವುದಿಲ್ಲ. ಪಕ್ಕೆ ಹೆಚ್ಚು ಬಾಗುತ್ತದೆ, ಅಷ್ಟೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಗ್ಗುವ ಜಾಗ ಬಿಸಿಯಾಗುತ್ತದಲ್ಲ, ಇಲ್ಲೂ ಅದೇ. ನೆಲಕ್ಕೆ ತಾಗಿದ ಭಾಗ ಪ್ರತಿ ಸುತ್ತಿಗೊಮ್ಮೆ ಬಾಗಿ ನೆಟ್ಟಗಾಗುತ್ತದೆ. ಈ ಚಕ್ರದ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಸಲ ಸುತ್ತುತ್ತದೆ, ಗಂಟೆಗೆ 51 ಸಾವಿರ ಸಲ. ಹೆಚ್ಚು ಬಾಗಿದಷ್ಟೂ ಹೆಚ್ಚು ಬಿಸಿ. ಆ ಬಿಸಿಗೆ ಉಕ್ಕಿನ ಪಟ್ಟಿಯ ಅಂಚಿನಲ್ಲಿ ರಬ್ಬರಿನ ಹಿಡಿತ ಸಡಿಲವಾಗಿ ಪದರಗಳು ಬಿಡತೊಡಗುತ್ತವೆ.

ಇದರ ಸುಳಿವು ಮೊದಲೇ ಸಿಗುತ್ತದೆ. ಟೈರಿನ ನಡುಭಾಗ ಚೆನ್ನಾಗಿದ್ದು ಎರಡೂ ಅಂಚುಗಳು ಹೆಚ್ಚು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಭಾರ ಹೆಚ್ಚು. ಚಕ್ರ ಬ್ಯಾಲೆನ್ಸ್ ಮಾಡಿಸಿದ ಮೇಲೂ ಒಂದು ಚಕ್ರದಿಂದ ದಡಬಡ ಎಂಬ ನಡುಕ ಬರುತ್ತಿದ್ದು, ವೇಗ ಏರಿದಂತೆ ಅದೂ ಜೋರಾಗುತ್ತಿದ್ದರೆ ಪದರ ಬಿಟ್ಟಿರುವ ಸಾಧ್ಯತೆ ಇದೆ; ಅಂಗೈಯನ್ನು ಟೈರಿನ ಮೈಮೇಲೆ ನಿಧಾನವಾಗಿ ಆಡಿಸಿದರೆ ಒಂದು ಕಡೆ ಉಬ್ಬು ಕೈಗೆ ಸಿಗುತ್ತದೆ. ಅಂಥ ಟೈರನ್ನು ತೆಗೆದೇ ಹಾಕಬೇಕು, ರಿಪೇರಿ ಇಲ್ಲ.

## T: 190 ಕಿ.ಮೀ. ಓಡಿಸುವವರು ಯಾರು?

ಕೊನೆಯ ಅಕ್ಷರ ವೇಗದ್ದು. ನಮ್ಮ ಕಾರುಗಳಲ್ಲಿ ಹೆಚ್ಚಾಗಿ ಕಾಣುವವು S (ಗಂಟೆಗೆ 180 ಕಿ.ಮೀ.), T (190), H (210), V (240). ಅಕ್ಷರಮಾಲೆಯಲ್ಲಿ ಮೊದಲೇ ಬರುವ H ಇಲ್ಲಿ T, Uಗಳನ್ನು ದಾಟಿ ಕೂತಿರುವುದು ವಿಚಿತ್ರವಾಗಿ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ S, H, V ಮೂರೇ ಇದ್ದವು. ನಂತರ ಬಂದ ಅಕ್ಷರಗಳನ್ನು ಅವುಗಳ ನಡುವೆ ತುರುಕಿದ್ದರಿಂದ ಈ ಅವಸ್ಥೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಮಿತಿ ಗಂಟೆಗೆ 100 ಕಿ.ಮೀ. ಹೀಗಿರುವಾಗ 190 ಆದರೇನು, 210 ಆದರೇನು? ಆ ಅಕ್ಷರ ಎಲ್ಲಿಂದ ಬಂತು ಎಂದು ತಿಳಿದರೆ ಉತ್ತರ ಸಿಗುತ್ತದೆ. ಹೊಸ ಟೈರನ್ನು ಪ್ರಯೋಗಾಲಯದಲ್ಲಿ ಉಕ್ಕಿನ ದೊಡ್ಡ ಉರುಳೆಯ ಮೇಲೆ ಒತ್ತಿ ಹಿಡಿದು, ಗೊತ್ತಾದ ಗಾಳಿ, ಗೊತ್ತಾದ ಭಾರದಲ್ಲಿ ಹಂತಹಂತವಾಗಿ ವೇಗ ಏರಿಸುತ್ತಾರೆ. ತುತ್ತತುದಿಯ ವೇಗದಲ್ಲಿ ಅದು ಓಡುವುದು ಕೆಲವೇ ನಿಮಿಷ. ಅಲ್ಲಿ ಗುಂಡಿಯಿಲ್ಲ, ಹಂಪ್ ಇಲ್ಲ, ಮೇ ತಿಂಗಳ ರಾಯಚೂರಿನ ಡಾಂಬರಿಲ್ಲ, ಐದು ವರ್ಷ ಹಳೆಯದಾದ ರಬ್ಬರೂ ಇಲ್ಲ. ಗಾಳಿ ಇಳಿದ, ಭಾರ ಹೇರಿದ, ಪಂಕ್ಚರ್ ಹಾಕಿಸಿದ ಟೈರಿಗೆ ಆ 190 ಅನ್ವಯಿಸುವುದಿಲ್ಲ. ಹಾಗಾಗಿ ಈ ಅಕ್ಷರವನ್ನು ‘ಇಷ್ಟು ವೇಗ ಹೋಗಬಹುದು’ ಎಂಬ ಪರವಾನಗಿಯಾಗಿ ಓದದೆ, ಬಿಸಿ ತಾಳುವ ಶಕ್ತಿಯ ಅಳತೆಯಾಗಿ ಓದಬೇಕು.

ಕಾರಿಗೆ ಕಂಪನಿ T ಕೊಟ್ಟಿದ್ದರೆ T ಅಥವಾ ಅದಕ್ಕಿಂತ ಮೇಲಿನದು ಹಾಕಿಸಿ, ಕೆಳಗಿನದು ಬೇಡ. ನಾಲ್ಕರಲ್ಲಿ ಒಂದು S, ಮೂರು H ಇದ್ದರೆ ಇಡೀ ಕಾರನ್ನು Sನದು ಎಂದೇ ಎಣಿಸಬೇಕು.

## ಅಂಗಡಿಯ ಮೂರು ಸಲಹೆ, ಮೂರು ಲೆಕ್ಕ

ಈಗ 165/80 R14 85T ಇರುವ ಅದೇ ಕಾರಿಗೆ 15 ಇಂಚಿನ ಅಲಾಯ್ ಹಾಕಿಸುವ ಮಾತು ಬಂದಿದೆ ಎಂದುಕೊಳ್ಳಿ. ಅಂಗಡಿಯಲ್ಲಿ ಮೂರು ಟೈರ್ ತೋರಿಸಿದರು.

ಮೊದಲನೆಯದು 185/65 R15 88H. 185ರಲ್ಲಿ ಶೇ. 65 ಎಂದರೆ 120.25, ಅದರ ಎರಡರಷ್ಟು 240.5, 15 ಇಂಚಿನ ರಿಮ್ 381. ಒಟ್ಟು 621.5 ಮಿ.ಮೀ. ಹಳೆಯ 619.6ಕ್ಕೂ ಇದಕ್ಕೂ ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ. ಭಾರ 515ರಿಂದ 560ಕ್ಕೆ ಏರಿತು, ವೇಗದ ಅಕ್ಷರವೂ ಮೇಲಿನದು. ಲೆಕ್ಕ ಇಷ್ಟು ಚೆನ್ನಾಗಿ ಕೂಡಿದ್ದು ಆಕಸ್ಮಿಕವಲ್ಲ. ಸ್ವಿಫ್ಟ್‌ನ ಮೇಲಿನ ಮಾದರಿಗಳಿಗೆ ಕಂಪನಿಯೇ ಕೊಡುವ ಅಳತೆ ಇದು. ಅಂದ ಹಾಗೆ, ನಿಮ್ಮ ಕಾರಿನ ಮೇಲಿನ ಮಾದರಿಗೆ ಯಾವ ಟೈರ್ ಬರುತ್ತದೆ ಎಂದು ನೋಡಿಕೊಳ್ಳುವುದೇ ಅಳತೆ ಬದಲಿಸುವವರಿಗೆ ಅತ್ಯಂತ ನಿರಾತಂಕದ ದಾರಿ.

ಎರಡನೆಯದು 195/55 R15 85V. ಅಗಲವಾಗಿದೆ, ನೋಡಲು ಚೆಂದ. ಭಾರದ ಸಂಖ್ಯೆ 85, ಹಳೆಯದಕ್ಕೆ ಸಮ. ವೇಗವಂತೂ ಬೇಕಾದ್ದಕ್ಕಿಂತ ಜಾಸ್ತಿ. ಆದರೆ ಎತ್ತರ ಕೂಡಿ ನೋಡಿದರೆ 595.5 ಮಿ.ಮೀ., ಅಂದರೆ ಶೇ. 3.9ರಷ್ಟು ಗಿಡ್ಡ. ಚಕ್ರ ಗಿಡ್ಡವಾದರೆ ಒಂದು ಕಿಲೋಮೀಟರಿಗೆ ಹೆಚ್ಚು ಸುತ್ತಬೇಕು. ಕಾರು ಎಣಿಸುವುದು ಸುತ್ತುಗಳನ್ನೇ ಆದ್ದರಿಂದ ಮೀಟರ್ ಸುಳ್ಳು ಹೇಳತೊಡಗುತ್ತದೆ. ಮೊದಲು ಸರಿಯಾಗಿ 100 ತೋರಿಸುತ್ತಿದ್ದ ಮುಳ್ಳು ಈಗ ನಿಜವೇಗ 96 ಇದ್ದಾಗಲೇ 100 ತೋರಿಸುತ್ತದೆ, ಓಡಿದ ಕಿಲೋಮೀಟರೂ ಹಾಗೆಯೇ ಹೆಚ್ಚಾಗಿ ಏರುತ್ತದೆ. ಇದಕ್ಕಿಂತ ಬೇಗ ತಿಳಿಯುವುದು ತಳದ ಎತ್ತರ. ವ್ಯಾಸ 24 ಮಿ.ಮೀ. ಕಡಿಮೆಯಾದರೆ ಕಾರು ಅದರ ಅರ್ಧ, 12 ಮಿ.ಮೀ. ಕೆಳಗಿಳಿಯುತ್ತದೆ, ನಿನ್ನೆವರೆಗೆ ಸಲೀಸಾಗಿ ದಾಟುತ್ತಿದ್ದ ಹಂಪ್ ಇವತ್ತು ತಳ ಕೆರೆಯುತ್ತದೆ. ಪಕ್ಕೆಯ ಎತ್ತರವೂ 132ರಿಂದ 107ಕ್ಕೆ ಇಳಿಯಿತು. ಗುಂಡಿಯ ಏಟನ್ನು ನುಂಗುವುದು ಆ ಪಕ್ಕೆಯೇ. ಅದು ಗಿಡ್ಡವಾದಷ್ಟೂ ಗುಂಡಿಯ ಅಂಚು ಮತ್ತು ರಿಮ್‌ನ ನಡುವೆ ಸಿಕ್ಕಿಕೊಂಡು ಒಳಗಿನ ದಾರ ಹರಿಯುತ್ತದೆ, ಪಕ್ಕೆಯಲ್ಲಿ ಗುಳ್ಳೆ ಏಳುತ್ತದೆ. ರಿಮ್ ಕೂಡ ಬಾಗಬಹುದು.

ಮೂರನೆಯದು 185/60 R15 84T. ಮೊದಲನೆಯದಕ್ಕೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಬಹಳ ಇಲ್ಲ. 65 ಹೋಗಿ 60 ಬಂದಿದೆ. ಒಟ್ಟು ಎತ್ತರ 603, ಶೇ. 2.7 ಕಡಿಮೆ. ಅದನ್ನು ಹೇಗೋ ಸಹಿಸಬಹುದು ಎನ್ನುವವರೂ ಕೊನೆಯ ಸಂಖ್ಯೆ ನೋಡಬೇಕು. 85 ಇದ್ದದ್ದು 84 ಆಗಿದೆ. 515ರ ಜಾಗಕ್ಕೆ 500 ಬಂತು. ಟೈರ್ ಅಗಲವಾಯಿತು, ರಿಮ್ ದೊಡ್ಡದಾಯಿತು, ಹೊರುವ ಶಕ್ತಿ ಮಾತ್ರ ಇಳಿಯಿತು! ದೊಡ್ಡದಾಗಿ ಕಾಣುವ ಟೈರ್ ಹೆಚ್ಚು ಭಾರ ಹೊರುತ್ತದೆ ಎಂಬ ಊಹೆ ಕೈಕೊಡುವುದು ಹೀಗೆ. ಹೊರುವುದು ಗಾಳಿ ಎಂದೆವಲ್ಲ, ಪಕ್ಕೆ ಗಿಡ್ಡವಾದಾಗ ಗಾಳಿಗೆ ಒಳಗೆ ಜಾಗ ಕಡಿಮೆಯಾಗುತ್ತದೆ.

ಇದೇ 185/60 R15 ಅಳತೆಯಲ್ಲಿ 88 ಎಂದು ಬರೆದು ಪಕ್ಕದಲ್ಲಿ XL ಎಂದಿರುವ ಟೈರೂ ಸಿಗುತ್ತದೆ. XL ಅಂದರೆ ಒಡಲು ಬಲಪಡಿಸಿದ, ಹೆಚ್ಚು ಗಾಳಿ ತಡೆಯುವ ಟೈರ್. ಅದರ 560 ಕೆ.ಜಿ. ಸಿಗುವುದು ಸುಮಾರು 42 ಪಿಎಸ್‌ಐ ಗಾಳಿಯಲ್ಲಿ. XL ಹಾಕಿಸಿ ಮೊದಲಿನ 30ನ್ನೇ ತುಂಬಿಸುತ್ತಿದ್ದರೆ ಆ ಹೆಚ್ಚಿನ ಶಕ್ತಿಗೆ ಕೊಟ್ಟ ದುಡ್ಡು ದಂಡ.

ಅಗಲ ಹೆಚ್ಚಿಸುವಾಗ ರಿಮ್‌ನ ಅಗಲವನ್ನೂ ಕೇಳಿ. 185/65 R15 ಟೈರಿಗೆ 5ರಿಂದ 6.5 ಇಂಚು ಅಗಲದ ರಿಮ್ ಹೊಂದುತ್ತದೆ. ಅದಕ್ಕಿಂತ ಕಿರಿದಾದರೆ ಟೈರ್ ಹೊಟ್ಟೆ ಬಿಟ್ಟುಕೊಂಡು ಕೂರುತ್ತದೆ. ತಿರುವಿನಲ್ಲಿ ಕಾರು ತೇಲಿದಂತಾಗುತ್ತದೆ.

## ಸ್ಕೂಟರಿಗೆ, ಸಾಮಾನು ಗಾಡಿಗೆ

ಸ್ಕೂಟರಿನ ಹಿಂದಿನ ಟೈರಿನಲ್ಲಿ 90/100-10 53J ಎಂದಿದ್ದರೆ ಓದುವ ಬಗೆ ಬೇರೆಯಲ್ಲ. ಅಗಲ 90 ಮಿ.ಮೀ., ಎತ್ತರ ಅದರ ಶೇ. 100, ಅಂದರೆ ಅದೂ 90. ಅಡ್ಡಗೆರೆಯಿಂದಾಗಿ ಇದು ಓರೆದಾರದ ಟೈರು. ರಿಮ್ 10 ಇಂಚು. 53 ಎಂದರೆ 206 ಕೆ.ಜಿ., J ಎಂದರೆ ಗಂಟೆಗೆ 100 ಕಿ.ಮೀ. ಸ್ಕೂಟರ್ ತೂಕವೇ 105 ಕೆ.ಜಿ.ಯಷ್ಟು, ಜೊತೆಗೆ ಸವಾರರ ಭಾರದ ಹೆಚ್ಚುಪಾಲು ಹಿಂದಿನ ಚಕ್ರಕ್ಕೇ. ಮೂವರು ದೊಡ್ಡವರು ಕೂತರೆ ಆ 206 ಹತ್ತಿರ ಬಂದೇಬಿಡುತ್ತದೆ.

ಸಾಮಾನು ಗಾಡಿಯ ಟೈರಿನಲ್ಲಿ 185 R14 C 102/100 ಎಂಬಂಥ ಬರಹ ಕಾಣುತ್ತದೆ. ಎತ್ತರದ ಶೇಕಡಾ ಬರೆದಿಲ್ಲವೆಂದರೆ ಅದು ಹಳೆಯ ಕ್ರಮದ ಪೂರ್ಣ ಎತ್ತರದ ಟೈರು, ಸುಮಾರು ಶೇ. 80 ಎಂದು ಎಣಿಸಿದರೆ ಸಾಕು. C ಎಂಬುದು ವಾಣಿಜ್ಯ ವಾಹನದ ಗುರುತು. ಎರಡು ಸಂಖ್ಯೆಗಳಲ್ಲಿ ಮೊದಲನೆಯದು ಒಂಟಿ ಚಕ್ರಕ್ಕೆ (850 ಕೆ.ಜಿ.), ಎರಡನೆಯದು ಹಿಂದೆ ಜೋಡಿ ಚಕ್ರ ಇದ್ದಾಗ ಒಂದೊಂದಕ್ಕೆ (800 ಕೆ.ಜಿ.). ಜೋಡಿಯಲ್ಲಿ ಎರಡೂ ಸಮನಾಗಿ ಹೊರುವುದಿಲ್ಲವಾದ್ದರಿಂದ ಸ್ವಲ್ಪ ಕಡಿತ. ಅದೇ 185 ಅಗಲದ, 14 ಇಂಚಿನ ಕಾರಿನ ಟೈರ್ 185/65 R14 86 ಹೊರುವುದು 530 ಕೆ.ಜಿ. ಮಾತ್ರ. ‘185, 14 ಇಂಚು, ರಿಮ್‌ಗೆ ಕೂರುತ್ತೆ’ ಎಂದು ಅಗ್ಗದ ಕಾರ್ ಟೈರನ್ನು ಸಾಮಾನು ಗಾಡಿಗೆ ಹಾಕಿದರೆ ಪ್ರತಿ ಚಕ್ರಕ್ಕೆ 320 ಕೆ.ಜಿ. ಖೋತಾ.

## ಪಕ್ಕೆಯಲ್ಲಿರುವ ಗಾಳಿಯ ಸಂಖ್ಯೆ ನಿಮಗಲ್ಲ

ಅಳತೆಯ ಸಾಲಿನಿಂದ ದೂರ, ಸಣ್ಣ ಅಕ್ಷರದಲ್ಲಿ ಗರಿಷ್ಠ ಭಾರ ಮತ್ತು ಗರಿಷ್ಠ ಗಾಳಿ ಎಂದು ಇನ್ನೊಂದು ಬರಹವಿರುತ್ತದೆ. 44 ಅಥವಾ 51 ಪಿಎಸ್‌ಐ ಎಂದು ಕಂಡು ಅಷ್ಟನ್ನೇ ತುಂಬಿಸುವವರಿದ್ದಾರೆ. ಅದು ಟೈರ್ ತಡೆಯುವ ಮೇಲ್ಮಿತಿ. ನಿಮ್ಮ ಕಾರಿಗೆ ಎಷ್ಟು ಬೇಕೆಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಕಂಬದ ಮೇಲಿನ ಸ್ಟಿಕರಿನಲ್ಲಿದೆ. ಪೂರ್ತಿ ಜನ ತುಂಬಿದಾಗ ಹಿಂದಿನ ಚಕ್ರಕ್ಕೆ ಬೇರೆ ಅಂಕಿ ಇದ್ದರೆ ಅದೂ ಅಲ್ಲೇ ಇರುತ್ತದೆ. ಮೇಲ್ಮಿತಿಯವರೆಗೆ ತುಂಬಿಸಿದರೆ ಟೈರಿನ ನಡುಭಾಗ ಮಾತ್ರ ನೆಲ ಹಿಡಿದು ಅಲ್ಲೇ ಬೇಗ ಸವೆಯುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಗಾಳಿ ನೋಡುವುದು ಟೈರ್ ತಣ್ಣಗಿದ್ದಾಗ, ಅಂದರೆ ಬೆಳಿಗ್ಗೆ ಗಾಡಿ ತೆಗೆದು ಒಂದೆರಡು ಕಿಲೋಮೀಟರಿನ ಒಳಗೆ.

ಟೈರ್ ಕೊಳ್ಳುವಾಗ ಇನ್ನೆರಡು ಗುರುತು ನೋಡಿ. ಒಂದು ಐಎಸ್‌ಐ ಮುದ್ರೆ. ಭಾರತದಲ್ಲಿ ಮಾರುವ ಕಾರಿನ ಟೈರಿಗೆ ಅದು ಕಡ್ಡಾಯ. ಇನ್ನೊಂದು ಸಣ್ಣ ಚೌಕಟ್ಟಿನೊಳಗಿನ ನಾಲ್ಕು ಅಂಕಿ, ತಯಾರಾದ ವಾರ ಮತ್ತು ವರ್ಷ. 2324 ಎಂದಿದ್ದರೆ 2024ರ 23ನೇ ವಾರ, ಜೂನ್ ತಿಂಗಳು. ಹೊರಮೈಯಲ್ಲಿ ಕಾಣದಿದ್ದರೆ ಒಳಬದಿಯ ಪಕ್ಕೆಯಲ್ಲಿ ಹುಡುಕಿ. ಒಂದೇ ಬದಿಗೆ ಅಚ್ಚೊತ್ತಿರುವುದುಂಟು. ಟೈರ್ ರಿಮ್‌ಗೆ ಏರುವ ಮೊದಲೇ ನೋಡಿಕೊಂಡರೆ ಮಂಡಿಯೂರಿ ಬಗ್ಗುವುದು ತಪ್ಪುತ್ತದೆ.

ಡಿಕ್ಕಿ ತೆಗೆದು ಸ್ಟೆಪ್ನಿಯ ಸಾಲನ್ನೂ ಒಮ್ಮೆ ಓದಿ. ಕೆಲವು ಕಾರುಗಳ ಮೇಲಿನ ಮಾದರಿಗಳಲ್ಲಿ ಅದು ಉಳಿದ ನಾಲ್ಕಕ್ಕಿಂತ ಕಿರಿದಾದ, ಬೇರೆ ರಿಮ್‌ನ ಟೈರು. ಅದರ ಮೇಲೆ ಗಂಟೆಗೆ 80 ಕಿ.ಮೀ. ಎಂಬ ಸ್ಟಿಕರ್ ಅಂಟಿಸಿದ್ದರೆ, ಪಕ್ಕೆಯಲ್ಲಿರುವ ಅಕ್ಷರ ಯಾವುದೇ ಇರಲಿ, ಪಂಕ್ಚರ್ ಅಂಗಡಿ ಸಿಗುವವರೆಗೆ 80ರ ಒಳಗೇ ಹೋಗಬೇಕು.